ಮುಟ್ಟು ನಿಂತ ಮೇಲೆ ಗೊರಕೆ ಏಕೆ ಶುರುವಾಗುತ್ತದೆ, ಪರೀಕ್ಷೆಯ ಕಣ್ಣಿಗೆ ಅದು ಏಕೆ ಬೀಳುವುದಿಲ್ಲ

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ಮೊದಲು ನಾನು ಗೊರಕೆ ಹೊಡೆದವಳೇ ಅಲ್ಲ. ಈಗ ಒಂದು ವರ್ಷದಿಂದ ಜೋರಾಗಿ ಗೊರಕೆ ಹೊಡೆಯುತ್ತೇನೆ ಎಂದು ಮನೆಯವರು ಹೇಳುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಎಚ್ಚರವಾಗುತ್ತದೆ, ಬೆಳಿಗ್ಗೆ ತಲೆನೋವು ಇರುತ್ತದೆ. ತೂಕ ಹೆಚ್ಚೇನೂ ಏರಿಲ್ಲ. ಮನೆಯಲ್ಲೇ ಮಾಡುವ ನಿದ್ರೆಯ ಪರೀಕ್ಷೆ ಮಾಡಿಸಿದೆ, ನಾರ್ಮಲ್ ಎಂದು ಬಂತು. ಮುಟ್ಟು ನಿಂತದ್ದಕ್ಕೂ ಇದಕ್ಕೂ ಸಂಬಂಧ ಇದೆಯೇ ಡಾಕ್ಟರೇ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಸಂಬಂಧ ಇದೆ. ಹಾರ್ಮೋನ್ ಮಾತ್ರೆಯನ್ನು ಇದಕ್ಕೆ ಮದ್ದೆಂದು ತೆಗೆದುಕೊಳ್ಳುವುದು ಸರಿಯಲ್ಲ. ನಿಮ್ಮ ಪರೀಕ್ಷೆಯ ವರದಿಯನ್ನು ಮಾತ್ರ ನಾನು ಕೊನೆಯ ಮಾತೆಂದು ಒಪ್ಪುವುದಿಲ್ಲ. ನೀವು ಹೇಳಿದ ಲಕ್ಷಣಗಳಿರುವ, ನಿಮ್ಮ ವಯಸ್ಸಿನ ಮಹಿಳೆಯರಲ್ಲಿ ಆ ಬಗೆಯ ಪರೀಕ್ಷೆ ತಪ್ಪುವುದಕ್ಕೆ ಸ್ಪಷ್ಟ ಕಾರಣಗಳಿವೆ. ಆ ಕಾರಣಗಳು ಅರ್ಥವಾಗಬೇಕಾದರೆ ಮೊದಲು ಗಂಟಲಲ್ಲಿ ಆಗುವ ಬದಲಾವಣೆಯನ್ನು ತಿಳಿದುಕೊಳ್ಳಬೇಕು.

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿನ ಭಾಗಕ್ಕೆ ಮೂಳೆಯ ಚೌಕಟ್ಟಾಗಲಿ, ಶ್ವಾಸನಾಳಕ್ಕೆ ಇರುವಂಥ ಮೃದ್ವಸ್ಥಿಯ ಬಳೆಗಳಾಗಲಿ ಇಲ್ಲ. ಮೃದು ಅಂಗುಳ, ಕಿರುನಾಲಿಗೆ, ನಾಲಿಗೆಯ ಬುಡ ಮತ್ತು ಅಕ್ಕಪಕ್ಕದ ಗೋಡೆಗಳು ಸೇರಿ ಆದ ಈ ಕೊಳವೆ ತೆರೆದಿರುವುದು ಸ್ನಾಯುಗಳ ಬಲದಿಂದ ಮಾತ್ರ. ನಾವು ಉಸಿರು ಎಳೆದುಕೊಂಡಾಗ ಒಳಗೆ ನಿರ್ವಾತದಂಥ ಸೆಳೆತ ಉಂಟಾಗುತ್ತದೆ, ಮತ್ತು ಮೆದುವಾದ ಹೀರುಗೊಳವೆಯನ್ನು ಜೋರಾಗಿ ಹೀರಿದರೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವ ಹಾಗೆ ಗಂಟಲಿನ ಗೋಡೆಗಳೂ ಒಳಕ್ಕೆ ಕುಸಿಯಲು ನೋಡುತ್ತವೆ. ಎಚ್ಚರದಲ್ಲಿರುವಾಗ ಇದು ನಡೆಯದಿರುವುದಕ್ಕೆ ಕಾರಣ, ಪ್ರತಿ ಉಸಿರಿಗೂ ಒಂದು ಕ್ಷಣ ಮುಂಚೆಯೇ ಗಂಟಲಿನ ಸ್ನಾಯುಗಳು ಬಿಗಿಯಾಗಿ ದಾರಿಯನ್ನು ಹಿಡಿದಿಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಜೀನಿಯೊಗ್ಲಾಸಸ್. ಗದ್ದದ ಒಳಬದಿಯಿಂದ ಹೊರಟು ನಾಲಿಗೆಗೆ ಸೇರುವ, ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಸ್ನಾಯು ಇದು. ನಿದ್ರೆ ಬಂದೊಡನೆ ಈ ಬಿಗಿತ ಸಡಿಲವಾಗುತ್ತದೆ. ದಾರಿ ಸ್ವಲ್ಪ ಕಿರಿದಾದರೆ ಗೋಡೆಗಳು ಕಂಪಿಸಿ ಗೊರಕೆಯ ಸದ್ದು ಬರುತ್ತದೆ. ಇನ್ನೂ ಕಿರಿದಾದರೆ ಗಾಳಿಯ ಹರಿವು ತಗ್ಗುತ್ತದೆ. ಪೂರ್ತಿ ಮುಚ್ಚಿದರೆ ಉಸಿರಾಟವೇ ನಿಲ್ಲುತ್ತದೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಹೀಗೆ ನಿಂತರೆ ಅದನ್ನು ಅಪ್ನಿಯಾ ಎಂದು ಲೆಕ್ಕ ಹಿಡಿಯುತ್ತೇವೆ.

ಹೀಗಿರುವಾಗ ಮುಟ್ಟು ಇರುವ ವಯಸ್ಸಿನ ಮಹಿಳೆಗೆ ಒಂದು ರಕ್ಷಣೆ ಇರುತ್ತದೆ. ಅಂಡಾಶಯ ಉತ್ಪಾದಿಸುವ ಪ್ರೊಜೆಸ್ಟರಾನ್ ಗರ್ಭಕೋಶಕ್ಕಷ್ಟೇ ಸಂಬಂಧಿಸಿದ ಹಾರ್ಮೋನ್ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದು ಮೆದುಳಿನ ಉಸಿರಾಟ ಕೇಂದ್ರವನ್ನು ಪ್ರಚೋದಿಸುವ ವಸ್ತುವೂ ಹೌದು. ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ಗರ್ಭಧಾರಣೆಯ ಕಾಲದಲ್ಲಿ ಸಿಗುತ್ತದೆ. ಆಗ ಪ್ರೊಜೆಸ್ಟರಾನ್ ಮಟ್ಟ ಬಹಳ ಏರುವುದರಿಂದ ಉಸಿರಾಟ ಆಳವಾಗಿ, ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುವ ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮುಟ್ಟಿನ ಚಕ್ರದ ಉತ್ತರಾರ್ಧದಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಉಸಿರಾಟದ ಆದೇಶ ಬಲವಾಗಿದ್ದರೆ ಎದೆಯ ಸ್ನಾಯುಗಳ ಜೊತೆಗೆ ಗಂಟಲಿನ ಸ್ನಾಯುಗಳಿಗೂ ಅದೇ ಬಲದ ಆದೇಶ ಹೋಗುತ್ತದೆ, ದಾರಿ ತೆರೆದಿರುತ್ತದೆ.

ಈ ಮಾತನ್ನು ನೇರವಾಗಿ ಅಳೆದು ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಮಹಿಳೆಯರ ಜೀನಿಯೊಗ್ಲಾಸಸ್ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ, ಚಕ್ರದ ಉತ್ತರಾರ್ಧದಲ್ಲಿ, ಅಂದರೆ ಪ್ರೊಜೆಸ್ಟರಾನ್ ಹೆಚ್ಚಿರುವ ದಿನಗಳಲ್ಲಿ, ಅದು ಎಲ್ಲಕ್ಕಿಂತ ಹೆಚ್ಚಾಗಿತ್ತು. ಪೂರ್ವಾರ್ಧದಲ್ಲಿ ಅದಕ್ಕಿಂತ ಕಡಿಮೆ. ಮುಟ್ಟು ನಿಂತವರಲ್ಲಿ ಎಲ್ಲಕ್ಕಿಂತ ಕಡಿಮೆ. ಮುಟ್ಟು ನಿಂತವರಿಗೆ ಎರಡು ವಾರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಕೊಟ್ಟು ಮತ್ತೆ ಅಳೆದಾಗ ಚಟುವಟಿಕೆ ಏರಿತ್ತು. ಅಧ್ಯಯನ ಚಿಕ್ಕದು, ಅಳತೆ ಮಾಡಿದ್ದು ಎಚ್ಚರದಲ್ಲಿದ್ದಾಗ. ಆ ಮಿತಿಯನ್ನು ಮರೆಯಬಾರದು. ಆದರೂ ಅದೇ ಸ್ನಾಯು, ಅದೇ ಹಾರ್ಮೋನಿನ ಏರಿಳಿತಕ್ಕೆ ತಕ್ಕಂತೆ ಏರಿಳಿದದ್ದು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮನದಟ್ಟಾದ ಸಾಕ್ಷ್ಯ.

ಇನ್ನೊಂದು ಬದಲಾವಣೆ ಕೊಬ್ಬಿನದು. ತೂಕ ಏರಿಲ್ಲ ಎಂದು ನೀವು ಬರೆದಿದ್ದೀರಿ, ಅದು ನಿಜವೇ ಇರಬಹುದು. ಆದರೆ ಈಸ್ಟ್ರೋಜನ್ ಇಳಿದ ಮೇಲೆ ತೂಕ ಅಷ್ಟೇ ಇದ್ದರೂ ಕೊಬ್ಬಿನ ಜಾಗ ಬದಲಾಗುತ್ತದೆ: ತೊಡೆ ಮತ್ತು ಸೊಂಟದ ಕೆಳಭಾಗದಲ್ಲಿ ಸೇರುತ್ತಿದ್ದದ್ದು ಹೊಟ್ಟೆಯ ಒಳಗೂ ದೇಹದ ಮೇಲ್ಭಾಗದಲ್ಲಿಯೂ ಸೇರತೊಡಗುತ್ತದೆ. ಕತ್ತಿನ ಒಳಗೆ, ನಾಲಿಗೆಯ ಬುಡದ ಸುತ್ತ ಸೇರಿದ ಸ್ವಲ್ಪ ಕೊಬ್ಬೂ ದಾರಿಯನ್ನು ಕಿರಿದಾಗಿಸಬಲ್ಲದು. ಹೊಟ್ಟೆಯ ಕೊಬ್ಬಿನ ಕೆಲಸ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಅಂಗಾತ ಮಲಗಿದಾಗ ಅದು ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದ ಗಾತ್ರ ಕಡಿಮೆಯಾಗುತ್ತದೆ. ಶ್ವಾಸಕೋಶ ತುಂಬಿ ಹಿಗ್ಗಿದ್ದಾಗ ಶ್ವಾಸನಾಳವನ್ನು ಕೆಳಕ್ಕೆ ಎಳೆದು ಗಂಟಲಿನ ಗೋಡೆಗಳನ್ನು ಬಿಗಿಯಾಗಿಡುತ್ತಿದ್ದ ಸೆಳೆತ ಸಡಿಲವಾಗುತ್ತದೆ. ಸಡಿಲವಾದ ಗೋಡೆ ಬೇಗ ಕುಸಿಯುತ್ತದೆ. ಆದ್ದರಿಂದ ತಕ್ಕಡಿಯ ಅಂಕಿಗಿಂತ ಸೊಂಟದ ಮತ್ತು ಕತ್ತಿನ ಸುತ್ತಳತೆ ಈ ವಯಸ್ಸಿನಲ್ಲಿ ಹೆಚ್ಚು ಹೇಳುತ್ತವೆ. ಐದು ವರ್ಷದ ಹಿಂದೆ ಹೊಲಿಸಿದ ಮುಚ್ಚುಗೊರಳಿನ ಉಡುಪು ಈಗ ಕತ್ತಿನ ಬಳಿ ಬಿಗಿಯಾಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು.

ಇದೆಲ್ಲ ವಯಸ್ಸಿನ ಪರಿಣಾಮ ಮಾತ್ರ ಏಕಾಗಿರಬಾರದು ಎಂಬ ಆಕ್ಷೇಪ ನ್ಯಾಯವಾದದ್ದು, ಏಕೆಂದರೆ ವಯಸ್ಸಾದಂತೆ ಗಂಡಸರಲ್ಲಿಯೂ ಅಪ್ನಿಯಾ ಹೆಚ್ಚುತ್ತದೆ, ಮತ್ತು ಮುಟ್ಟು ನಿಂತವರೆಲ್ಲರೂ ಸಹಜವಾಗಿಯೇ ನಿಲ್ಲದವರಿಗಿಂತ ಹಿರಿಯರು. ಇದನ್ನು ಬೇರ್ಪಡಿಸಿ ನೋಡಲು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ನೆರವಾಗುತ್ತವೆ. ಪೆನ್ಸಿಲ್ವೇನಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣಗಳೊಂದಿಗೆ ಕೂಡಿದ ಸ್ಲೀಪ್ ಅಪ್ನಿಯಾ ಮುಟ್ಟು ಇರುವವರಲ್ಲಿ ಶೇಕಡಾ 0.6ರಷ್ಟಿತ್ತು, ಮುಟ್ಟು ನಿಂತು ಹಾರ್ಮೋನ್ ತೆಗೆದುಕೊಳ್ಳದವರಲ್ಲಿ ಶೇಕಡಾ 2.7, ಗಂಡಸರಲ್ಲಿ ಶೇಕಡಾ 3.9. ವಿಸ್ಕಾನ್ಸಿನ್‌ನ ಅಧ್ಯಯನ 2003ರಲ್ಲಿ ವಯಸ್ಸು, ದೇಹದ ತೂಕದ ಸೂಚ್ಯಂಕ ಮುಂತಾದವನ್ನು ಲೆಕ್ಕದಿಂದ ಹೊರತೆಗೆದ ಮೇಲೂ, ಮುಟ್ಟು ನಿಂತವರಲ್ಲಿ ಮಧ್ಯಮ ಅಥವಾ ಅದಕ್ಕಿಂತ ತೀವ್ರವಾದ ಅಪ್ನಿಯಾದ ಸಂಭವ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ತೋರಿಸಿತು. ವಯಸ್ಸಿನದೂ ಪಾತ್ರವಿದೆ, ಆದರೆ ಮುಟ್ಟು ನಿಲ್ಲುವುದರ ಪಾತ್ರ ಅದರಿಂದ ಪ್ರತ್ಯೇಕವಾದದ್ದು. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಹಾರ್ಮೋನ್ ಒಮ್ಮೆಲೇ ಇಳಿಯುವುದರಿಂದ, ಅವರು ನಲವತ್ತರ ಒಳಗಿನವರೇ ಆಗಿದ್ದರೂ ಇದೇ ಎಚ್ಚರಿಕೆ ಬೇಕು.

ಇನ್ನು ನಿಮ್ಮ ವರದಿಯ ವಿಷಯಕ್ಕೆ ಬರುತ್ತೇನೆ.

ನಿದ್ರೆಯ ಪರೀಕ್ಷೆಯ ಫಲಿತಾಂಶವನ್ನು ಎಎಚ್‌ಐ ಎಂಬ ಒಂದೇ ಅಂಕಿಯಲ್ಲಿ ಹೇಳುತ್ತಾರೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬುದು ಅದರ ಅರ್ಥ. ಐದಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಈ ಅಳತೆಗೋಲು ರೂಪುಗೊಂಡ ಕಾಲದಲ್ಲಿ ನಿದ್ರಾ ಚಿಕಿತ್ಸಾಲಯಗಳಿಗೆ ಬರುತ್ತಿದ್ದವರಲ್ಲಿ ಬಹುಪಾಲು ಗಂಡಸರು. ರಾತ್ರಿಯಿಡೀ ಉಸಿರು ಪೂರ್ತಿ ಕಟ್ಟಿಕೊಂಡು, ಪಕ್ಕದಲ್ಲಿ ಮಲಗಿದವರು ಗಾಬರಿಯಾಗುವಂಥ ರೋಗಿಗಳು. ಮಹಿಳೆಯರಲ್ಲಿ ಕಾಯಿಲೆಯ ಸ್ವರೂಪ ಬೇರೆ. ಉಸಿರು ಪೂರ್ತಿ ನಿಲ್ಲುವುದಕ್ಕಿಂತ ಅರೆಬರೆ ತಗ್ಗುವುದು ಹೆಚ್ಚು. ಪ್ರತಿ ಘಟನೆಯ ಅವಧಿ ಚಿಕ್ಕದು, ಏಕೆಂದರೆ ಆಮ್ಲಜನಕ ಬಹಳ ಇಳಿಯುವ ಮುಂಚೆಯೇ ಮೆದುಳು ಎಚ್ಚೆತ್ತುಕೊಂಡು ಗಂಟಲನ್ನು ಬಿಗಿಗೊಳಿಸುತ್ತದೆ. ಆಮ್ಲಜನಕ ಉಳಿಯುತ್ತದೆ, ನಿದ್ರೆ ಚೂರಾಗುತ್ತದೆ. ಹಾಗಾಗಿ ಇವರು ವೈದ್ಯರ ಮುಂದೆ ಹಗಲಲ್ಲಿ ತೂಕಡಿಕೆ ಎಂದು ಹೇಳುವುದಕ್ಕಿಂತ ನಿದ್ರೆ ಬರುವುದಿಲ್ಲ, ಮೈ ಸೋತಂತಿದೆ, ಮನಸ್ಸು ಸರಿಯಿಲ್ಲ, ಬೆಳಿಗ್ಗೆ ತಲೆನೋವು ಎಂದು ಹೇಳುವುದು ಹೆಚ್ಚು, ಮತ್ತು ನಿದ್ರೆಯ ಮಾತ್ರೆಯನ್ನೋ ಖಿನ್ನತೆಯ ಮಾತ್ರೆಯನ್ನೋ ಹಿಡಿದು ಮನೆಗೆ ಹೋಗುವುದೂ ಹೆಚ್ಚು. ಕೆಲವು ಬಗೆಯ ನಿದ್ರೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು ಎಂಬುದು ಇಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಇದರ ಜೊತೆಗೆ ಮುಟ್ಟು ನಿಲ್ಲುವ ಕಾಲದ ಲಕ್ಷಣಗಳೂ ಬೆರೆತುಹೋಗುತ್ತವೆ. ನಡುರಾತ್ರಿ ಬೆವರಿ ಎಚ್ಚರವಾದರೆ ಅದು ಹಾರ್ಮೋನಿನ ಬಿಸಿ ಏರುವಿಕೆ ಎಂದು ಎಲ್ಲರೂ ಊಹಿಸುತ್ತಾರೆ, ಆದರೆ ಉಸಿರು ಕಟ್ಟಿ ಎಚ್ಚರವಾದಾಗಲೂ ಬೆವರು ಬರುತ್ತದೆ. ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ಮೂತ್ರಕೋಶದ ದೌರ್ಬಲ್ಯ ಎನ್ನುತ್ತಾರೆ, ಆದರೆ ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆಯುವಾಗ ಹೃದಯದ ಮೇಲ್ಕೋಣೆಗಳು ಹಿಗ್ಗಿ, ಮೂತ್ರವನ್ನು ಹೆಚ್ಚಿಸುವ ಹಾರ್ಮೋನೊಂದನ್ನು ಬಿಡುಗಡೆ ಮಾಡುತ್ತವೆ. ಎಚ್ಚರವಾದಾಗ ಬಾಯಿ ಒಣಗಿರುವುದು, ಎದೆ ಡವಗುಟ್ಟುವುದು, ಎದ್ದ ಒಂದೆರಡು ಗಂಟೆಯಲ್ಲಿ ತಾನೇ ಇಳಿಯುವ ತಲೆಭಾರ, ಈ ಮೂರೂ ಜೊತೆಗಿದ್ದರೆ ನಾನು ಗಂಟಲಿನ ಕಡೆಗೆ ಮೊದಲು ನೋಡುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ಭೇದ ಕನಸಿನ ನಿದ್ರೆಯದು. ಕಣ್ಣುಗುಡ್ಡೆಗಳು ರೆಪ್ಪೆಯ ಒಳಗೆ ಚುರುಕಾಗಿ ಚಲಿಸುವ, ನಾವು ರೆಮ್ ನಿದ್ರೆ ಎಂದು ಕರೆಯುವ ಈ ಹಂತದಲ್ಲಿ ದೇಹದ ಸ್ನಾಯುಗಳೆಲ್ಲ ಬಹುತೇಕ ನಿಶ್ಚೇಷ್ಟವಾಗುತ್ತವೆ, ನಾಲಿಗೆಯ ಸ್ನಾಯುವೂ ಸೇರಿ. ಆಮ್ಲಜನಕ ಇಳಿದರೂ ಇಂಗಾಲದ ಡೈಆಕ್ಸೈಡ್ ಏರಿದರೂ ಉಸಿರಾಟ ಕೇಂದ್ರ ಪ್ರತಿಕ್ರಿಯಿಸುವುದು ಈ ಹಂತದಲ್ಲೇ ಅತ್ಯಂತ ಕಡಿಮೆ. ಮುಟ್ಟು ನಿಂತ ಹೊಸತರಲ್ಲಿ ಅನೇಕ ಮಹಿಳೆಯರ ಗಂಟಲು ಉಳಿದ ನಿದ್ರೆಯಲ್ಲಿ ಹೇಗೋ ತೆರೆದಿರುತ್ತದೆ, ಕನಸಿನ ನಿದ್ರೆಯಲ್ಲಿ ಮಾತ್ರ ಕುಸಿಯುತ್ತದೆ. ಆದರೆ ಈ ನಿದ್ರೆ ಇಡೀ ರಾತ್ರಿಯ ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ಕಾಲು ಪಾಲು, ಅದರಲ್ಲೂ ಬಹುಭಾಗ ಬೆಳಗಿನ ಜಾವಕ್ಕೆ ಸೇರಿದ್ದು. ಇಡೀ ರಾತ್ರಿಯ ಸರಾಸರಿ ತೆಗೆದಾಗ ಆ ಕುಸಿತ ಮರೆಯಾಗಿಬಿಡುತ್ತದೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಲೆಕ್ಕದ ಮೂಲಕ ತೋರಿಸುತ್ತೇನೆ. ಇಲ್ಲಿ ಬರುವ ಮಹಿಳೆ ಯಾವ ಒಬ್ಬ ರೋಗಿಯೂ ಅಲ್ಲ. ಚಿಕಿತ್ಸಾಲಯದಲ್ಲಿ ಮತ್ತೆ ಮತ್ತೆ ಎದುರಾಗುವ ಚಿತ್ರವನ್ನು ವಿವರಿಸಲು ನಾನು ಜೋಡಿಸಿದ ಉದಾಹರಣೆ. ವಯಸ್ಸು 52, ಮುಟ್ಟು ನಿಂತು ಒಂದೂವರೆ ವರ್ಷ, ಗೊರಕೆ, ಬೆಳಗಿನ ಜಾವದ ಎಚ್ಚರ, ತಲೆನೋವು, ಹೊಸದಾಗಿ ಕಾಣಿಸಿಕೊಂಡ ರಕ್ತದೊತ್ತಡ. ಮನೆಯ ಪರೀಕ್ಷೆಗೆ ಮೂಗಿನ ಬಳಿ ಒಂದು ನಳಿಕೆ, ಎದೆಗೆ ಒಂದು ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಕಟ್ಟಿಕೊಂಡು ಎಂಟು ಗಂಟೆ ಮಲಗಿದರು. ಆಮ್ಲಜನಕ ಶೇಕಡಾ 4ರಷ್ಟು ಇಳಿದ ಘಟನೆಗಳನ್ನು ಮಾತ್ರ ಯಂತ್ರ ಎಣಿಸಿತು, ಅಂಥವು 32. ಎಂಟು ಗಂಟೆಯಿಂದ ಭಾಗಿಸಿದರೆ ಗಂಟೆಗೆ 4, ಹಾಗಾಗಿ ವರದಿ ನಾರ್ಮಲ್.

ಈಗ ಇದನ್ನು ಬಿಡಿಸಿ ನೋಡಿ. ಮನೆಯಲ್ಲಿ ಮಾಡುವ ಸಾಮಾನ್ಯ ಪರೀಕ್ಷೆಯಲ್ಲಿ ಮೆದುಳಿನ ತರಂಗಗಳನ್ನು ದಾಖಲಿಸುವುದಿಲ್ಲವಾದ್ದರಿಂದ ಯಾವಾಗ ನಿದ್ರೆ ಬಂತು, ಯಾವಾಗ ಬರಲಿಲ್ಲ ಎಂಬುದು ಅದಕ್ಕೆ ತಿಳಿಯದು. ಈ ಮಹಿಳೆ ಹಾಸಿಗೆಯಲ್ಲಿದ್ದ ಎಂಟು ಗಂಟೆಯಲ್ಲಿ ನಿದ್ರಿಸಿದ್ದು ಆರೇ ಗಂಟೆ ಎಂದಿಟ್ಟುಕೊಳ್ಳೋಣ. ಅದೇ 32ನ್ನು ಆರರಿಂದ ಭಾಗಿಸಿದರೆ 5ನ್ನು ದಾಟುತ್ತದೆ. ಎಚ್ಚರವಾಗಿ ಹೊರಳಾಡಿದ ಎರಡು ಗಂಟೆಯೇ ಅವರನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಿತ್ತು. ಇದರ ಮೇಲೆ, ಮೆದುಳು ಎಚ್ಚೆತ್ತು ಮುಗಿಸಿದ, ಆಮ್ಲಜನಕ ಅಷ್ಟಾಗಿ ಇಳಿಯದ ಘಟನೆಗಳು ಲೆಕ್ಕಕ್ಕೇ ಬಂದಿರಲಿಲ್ಲ.

ಅವರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಮೆದುಳಿನ ತರಂಗ, ಕಣ್ಣಿನ ಚಲನೆ, ಗದ್ದದ ಸ್ನಾಯು ಎಲ್ಲವನ್ನೂ ದಾಖಲಿಸುವ ಪಾಲಿಸೋಮ್ನೋಗ್ರಫಿ ಮಾಡಿದಾಗ, ಆಮ್ಲಜನಕ ಶೇಕಡಾ 3ರಷ್ಟು ಇಳಿದ ಅಥವಾ ಮೆದುಳು ಎಚ್ಚೆತ್ತ ಘಟನೆಗಳನ್ನೂ ಸೇರಿಸಿ ಒಟ್ಟು 66 ಸಿಕ್ಕವು. ಆರು ಗಂಟೆಯ ನಿದ್ರೆಗೆ ಗಂಟೆಗೆ 11. ಇದು ಸೌಮ್ಯ ಎಂಬ ಹೆಸರಿನ ಕೆಳಗೆ ಬರುತ್ತದೆ, ಮತ್ತು ಅನೇಕ ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಆ 66ರಲ್ಲಿ 42 ನಡೆದದ್ದು 72 ನಿಮಿಷದ ಕನಸಿನ ನಿದ್ರೆಯಲ್ಲಿ. ಆ ಹಂತವನ್ನಷ್ಟೇ ತೆಗೆದುಕೊಂಡರೆ ಗಂಟೆಗೆ 35, ಅಂದರೆ ತೀವ್ರ ಎನ್ನುವ ಮಟ್ಟ. ಉಳಿದ ನಾಲ್ಕು ಗಂಟೆ 48 ನಿಮಿಷದಲ್ಲಿ ಗಂಟೆಗೆ ಕೇವಲ 5. ಒಬ್ಬರದೇ ದೇಹ, ಒಂದೇ ರಾತ್ರಿ, ಯಾವ ಸಾಲನ್ನು ಓದುತ್ತೇವೆ ಎಂಬುದರ ಮೇಲೆ ತೀರ್ಮಾನ ಬದಲಾಗುತ್ತದೆ. ಕನಸಿನ ನಿದ್ರೆಯ ಅಪ್ನಿಯಾವನ್ನು ನಗಣ್ಯ ಎನ್ನಲಾಗದು. ಅದಕ್ಕೂ ರಕ್ತದೊತ್ತಡಕ್ಕೂ ಇರುವ ನಂಟು ವಿಸ್ಕಾನ್ಸಿನ್ ಅಧ್ಯಯನದ ಮಾಹಿತಿಯಲ್ಲಿ ಕಂಡುಬಂದಿದೆ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ, ನಾರ್ಮಲ್ ಎಂಬ ಒಂದು ಪದವನ್ನು ಬಿಟ್ಟು ಪೂರ್ತಿ ವರದಿಯನ್ನು ಕೇಳಿ ಪಡೆಯುವುದು. ದಾಖಲೆಯಾದದ್ದು ಎಷ್ಟು ಗಂಟೆ, ಅದರಲ್ಲಿ ನಿಮಗೆ ನಿದ್ರೆ ಬಂದದ್ದು ಅಂದಾಜು ಎಷ್ಟು, ಎಣಿಕೆಗೆ ಶೇಕಡಾ 3ರ ಇಳಿಕೆ ಹಿಡಿದಿದ್ದಾರೋ 4ರದೋ, ಅಂಗಾತ ಮಲಗಿದ್ದಾಗ ಮತ್ತು ಮಗ್ಗುಲಾಗಿದ್ದಾಗ ಅಂಕಿ ಬೇರೆಯಾಗಿದೆಯೇ, ಆಮ್ಲಜನಕದ ರೇಖೆಯಲ್ಲಿ ಬೆಳಗಿನ ಜಾವದ ಹೊತ್ತಿಗೆ ಗುಂಪುಗುಂಪಾಗಿ ತಗ್ಗುಗಳಿವೆಯೇ ಎಂಬುದನ್ನು ವೈದ್ಯರೊಡನೆ ಕುಳಿತು ನೋಡಿ. ಒಂದೂವರೆ ಗಂಟೆಗೊಮ್ಮೆ ಅಂಥ ಗುಂಪು ಕಾಣಿಸಿಕೊಂಡು ನಡುವೆ ರೇಖೆ ಸಮವಾಗಿದ್ದರೆ, ಕನಸಿನ ನಿದ್ರೆಯ ಅಪ್ನಿಯಾವನ್ನು ಬಲವಾಗಿ ಶಂಕಿಸಬೇಕು. ಲಕ್ಷಣಗಳು ಇದ್ದು ಮನೆಯ ಪರೀಕ್ಷೆ ಏನೂ ತೋರಿಸದಿದ್ದರೆ ಪ್ರಯೋಗಾಲಯದ ಪರೀಕ್ಷೆ ಮಾಡಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ, ಆದ್ದರಿಂದ ಎರಡನೆಯ ಪರೀಕ್ಷೆ ಕೇಳಲು ನೀವು ಸಂಕೋಚಪಡಬೇಕಾಗಿಲ್ಲ. ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆಯಾದಾಗಲೂ ಗೊರಕೆ, ಆಯಾಸ ಎರಡೂ ಬರುತ್ತವೆ, ಮತ್ತು ಅದು ಈ ವಯಸ್ಸಿನ ಮಹಿಳೆಯರಲ್ಲಿ ಅಪರೂಪವಲ್ಲ.

ಹಾರ್ಮೋನ್ ಮಾತ್ರೆಯ ಬಗ್ಗೆ ನೀವು ಕೇಳಿದ್ದು ಇಷ್ಟೆಲ್ಲ ಓದಿದ ಮೇಲೆ ಇನ್ನೂ ತರ್ಕಬದ್ಧವಾಗಿ ಕಾಣಬಹುದು. ಇಳಿದ ಹಾರ್ಮೋನನ್ನು ಮರಳಿ ಕೊಟ್ಟರೆ ಗಂಟಲು ಮೊದಲಿನಂತಾಗಬೇಕಲ್ಲವೇ? ಮೇಲೆ ಹೇಳಿದ ಪೆನ್ಸಿಲ್ವೇನಿಯಾ ಅಧ್ಯಯನದಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದ ಮಹಿಳೆಯರಲ್ಲಿ ಅಪ್ನಿಯಾ ಶೇಕಡಾ 0.5ರಷ್ಟೇ ಇತ್ತು, ಅಂದರೆ ಮುಟ್ಟು ಇರುವವರಷ್ಟೇ. ಆದರೆ ಅವರಿಗೆ ಹಾರ್ಮೋನ್ ಕೊಟ್ಟು ನೋಡಿದ್ದಲ್ಲ, ಮೊದಲೇ ತೆಗೆದುಕೊಳ್ಳುತ್ತಿದ್ದವರನ್ನು ಗಮನಿಸಿದ್ದು. ಹಾರ್ಮೋನ್ ಚಿಕಿತ್ಸೆಯನ್ನು ಆಯ್ದುಕೊಳ್ಳುವ ಮಹಿಳೆಯರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿ ಉಳ್ಳವರು, ವೈದ್ಯರ ಬಳಿಗೆ ಆಗಾಗ ಹೋಗುವವರು. ಅವರಲ್ಲಿ ಕಂಡ ಒಳಿತಿನಲ್ಲಿ ಮಾತ್ರೆಯ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂದು ಇಂಥ ಅಧ್ಯಯನದಿಂದ ಬಿಡಿಸಲಾಗದು. ಪ್ರೊಜೆಸ್ಟರಾನ್ ಬಗೆಯ ಔಷಧಗಳನ್ನು ರೋಗಿಗಳಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ಉಸಿರಾಟದ ಪ್ರಚೋದನೆ ಹೆಚ್ಚಿದರೂ ಅಪ್ನಿಯಾ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಒಮ್ಮೆ ಕೊಬ್ಬಿನ ಹಂಚಿಕೆ ಬದಲಾಗಿ ದಾರಿ ಕಿರಿದಾದ ಮೇಲೆ ಸ್ನಾಯುವಿಗೆ ಕೊಡುವ ಆದೇಶವೊಂದನ್ನೇ ಸರಿಪಡಿಸಿದರೆ ಸಾಲದು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಇನ್ನೊಂದು ಪಕ್ಕದಲ್ಲಿ ಅಪಾಯಗಳಿವೆ. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂದಾಗ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿರುವುದು ತಿಳಿದುಬಂತು. ಮುಟ್ಟು ನಿಂತು ಹೆಚ್ಚು ವರ್ಷವಾಗದ, ಅರವತ್ತರ ಒಳಗಿನ ಮಹಿಳೆಗೆ ಮೈ ಬಿಸಿಯೇರುವ ತೊಂದರೆ ವಿಪರೀತವಾಗಿದ್ದರೆ ಸ್ತ್ರೀರೋಗ ತಜ್ಞರು ಲಾಭನಷ್ಟ ತೂಗಿ ಹಾರ್ಮೋನ್ ಕೊಡುವುದು ಇಂದಿಗೂ ಸರಿಯಾದ ಚಿಕಿತ್ಸೆಯೇ. ನಿಮಗೆ ಆ ಕಾರಣಕ್ಕೆ ಅದು ಬೇಕಾಗಿದ್ದರೆ ತೆಗೆದುಕೊಳ್ಳಿ, ಗೊರಕೆಗೂ ತುಸು ಒಳ್ಳೆಯದಾಗಬಹುದು. ಗೊರಕೆಗಾಗಿಯೇ ಅದನ್ನು ಶುರುಮಾಡಬೇಡಿ, ಮತ್ತು ಅದನ್ನು ತೆಗೆದುಕೊಳ್ಳುತ್ತಿದ್ದೇನೆ ಎಂಬ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡಬೇಡಿ.

ಅಪ್ನಿಯಾ ಇರುವುದು ಖಚಿತವಾದರೆ ಚಿಕಿತ್ಸೆಯ ತಳಹದಿ ಸಿ-ಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದ ಈ ವಿಧಾನದಲ್ಲಿ ಮೂಗಿನ ಮೇಲಿನ ಮಾಸ್ಕ್ ಮೂಲಕ ಮೆಲುವಾದ ಒತ್ತಡದಲ್ಲಿ ಗಾಳಿಯನ್ನು ಹಾಯಿಸಿ, ಸ್ನಾಯು ಹಿಡಿದಿಡಲಾರದ ಗೋಡೆಗಳನ್ನು ಗಾಳಿಯಿಂದಲೇ ತೆರೆದಿಡಲಾಗುತ್ತದೆ. ಕನಸಿನ ನಿದ್ರೆಯ ಅಪ್ನಿಯಾ ಇರುವವರು ಇದರಲ್ಲಿ ಎಡವುವ ಒಂದು ಜಾಗವಿದೆ. ನಮ್ಮ ಉದಾಹರಣೆಯ ಮಹಿಳೆ ರಾತ್ರಿ ಹನ್ನೊಂದಕ್ಕೆ ಮಾಸ್ಕ್ ಹಾಕಿ ಮಲಗುತ್ತಾರೆ, ಎರಡೂವರೆಗೆ ಎಚ್ಚರವಾದಾಗ ಕಿರಿಕಿರಿಯೆನಿಸಿ ತೆಗೆದಿಡುತ್ತಾರೆ. ತಿಂಗಳ ಕೊನೆಗೆ ಯಂತ್ರದ ದಾಖಲೆ ಉಳಿದ ಎಎಚ್‌ಐ ಎರಡಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ತಲೆನೋವು ಮಾತ್ರ ಹಾಗೆಯೇ ಇದೆ. ಯಂತ್ರ ಲೆಕ್ಕ ಹಾಕಿದ್ದು ಮಾಸ್ಕ್ ಹಾಕಿಕೊಂಡಿದ್ದ ಮೂರೂವರೆ ಗಂಟೆಯನ್ನು ಮಾತ್ರ. ಕನಸಿನ ನಿದ್ರೆ ಹೆಚ್ಚಾಗಿ ಬರುವ ಬೆಳಗಿನ ಜಾವವೆಲ್ಲ ಚಿಕಿತ್ಸೆಯಿಲ್ಲದೆ ಕಳೆದಿದೆ. ಇಂಥವರಿಗೆ ದಿನಕ್ಕೆ ನಾಲ್ಕು ಗಂಟೆ ಬಳಸಿದರೆ ಸಾಕು ಎಂಬ ವಾಡಿಕೆಯ ಮಾತು ಅನ್ವಯಿಸುವುದಿಲ್ಲ. ಬೆಳಿಗ್ಗೆ ಏಳುವವರೆಗೂ ಬಳಸಬೇಕು. ಅದಕ್ಕೆ ಮುಖದ ಅಳತೆಗೆ ಹೊಂದುವ ಮಾಸ್ಕ್ ಹುಡುಕುವುದು, ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡುವುದು, ಗಾಳಿಗೆ ತೇವ ಸೇರಿಸುವುದು, ಎಚ್ಚರವಾದಾಗ ಮಾಸ್ಕ್ ಮತ್ತೆ ಹಾಕಿಕೊಳ್ಳುವ ರೂಢಿ ಮಾಡಿಕೊಳ್ಳುವುದು ಬೇಕಾಗುತ್ತದೆ.

ಸೌಮ್ಯ ಅಥವಾ ಮಧ್ಯಮ ಹಂತದವರಿಗೆ, ಯಂತ್ರ ಒಗ್ಗದವರಿಗೆ, ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನವೂ ಒಳ್ಳೆಯ ಆಯ್ಕೆ. ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ. ನಿದ್ರೆಯ ಸಮಸ್ಯೆಗಳಲ್ಲಿ ಅನುಭವವಿರುವ ದಂತವೈದ್ಯರೇ ಅದನ್ನು ಅಳತೆಗೆ ತಕ್ಕಂತೆ ಮಾಡಿಕೊಡಬೇಕು. ಅಂಗಾತ ಮಲಗಿದಾಗಲೇ ತೊಂದರೆ ಹೆಚ್ಚೆಂದು ವರದಿ ತೋರಿಸಿದರೆ ಮಗ್ಗುಲಾಗಿ ಮಲಗುವುದರಿಂದ ನಿಜವಾಗಿ ಉಪಯೋಗವಾಗುತ್ತದೆ. ಮಲಗುವ ಮುಂಚೆ ಮದ್ಯ ಸೇವಿಸುವ ರೂಢಿ ಇದ್ದರೆ ಬಿಡಬೇಕು. ತೂಕ ಹೆಚ್ಚಿರುವವರಲ್ಲಿ ಶೇಕಡಾ 10ರಷ್ಟು ತೂಕ ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುವುದು ವಿಸ್ಕಾನ್ಸಿನ್ ಅಧ್ಯಯನದಲ್ಲಿ ಕಂಡಿದೆ. ನಿಮ್ಮ ತೂಕ ಸಹಜ ಮಿತಿಯಲ್ಲಿಯೇ ಇದ್ದರೆ ಊಟ ಬಿಟ್ಟು ಇನ್ನೂ ಇಳಿಸಲು ಹೋಗಬೇಡಿ, ಸೊಂಟದ ಸುತ್ತಳತೆ ಏರದಂತೆ ನೋಡಿಕೊಂಡರೆ ಸಾಕು.

ಎರಡನೆಯ ಪರೀಕ್ಷೆ ಆಗುವವರೆಗೆ ನಿದ್ರೆಯ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳಬೇಡಿ. ಈಗಾಗಲೇ ವೈದ್ಯರು ಬರೆದುಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ, ಗೊರಕೆಯ ವಿಷಯವನ್ನು ಅವರಿಗೆ ತಿಳಿಸಿ. ರಕ್ತದೊತ್ತಡವನ್ನು ಒಂದು ವಾರ ಬೆಳಿಗ್ಗೆ ಎದ್ದೊಡನೆಯೂ ಸಂಜೆಯೂ ಅಳೆದು ಬರೆದಿಡಿ; ಬೆಳಗಿನ ಅಂಕಿ ಸಂಜೆಯದಕ್ಕಿಂತ ಮತ್ತೆ ಮತ್ತೆ ಹೆಚ್ಚಿದ್ದರೆ ಅದು ವೈದ್ಯರಿಗೆ ಉಪಯುಕ್ತ ಸುಳಿವು. ಈ ನಡುವೆ ಅರಿವಳಿಕೆ ಕೊಡಬೇಕಾದ ಯಾವುದೇ ಶಸ್ತ್ರಚಿಕಿತ್ಸೆ ನಿಗದಿಯಾದರೆ, ಪರೀಕ್ಷೆಯಲ್ಲಿ ನಾರ್ಮಲ್ ಬಂದಿದೆ ಎಂದು ಸುಮ್ಮನಿರದೆ, ಅಪ್ನಿಯಾದ ಶಂಕೆ ಇದೆ ಎಂದು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ. ಶಸ್ತ್ರಚಿಕಿತ್ಸೆಯ ನಂತರದ ರಾತ್ರಿ ನೋವಿನ ಔಷಧ ಕೊಡುವಾಗ ಅವರು ನಿಮ್ಮ ಆಮ್ಲಜನಕದ ಮೇಲೆ ಕಣ್ಣಿಟ್ಟಿರುತ್ತಾರೆ.